ಒಟ್ಟು ಲೆಕ್ಕದಲ್ಲಿ ಹಿಂದೆ, ವಿಭಾಗವಾರು ಲೆಕ್ಕದಲ್ಲಿ ಮುಂದೆ

1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸ್ನಾತಕೋತ್ತರ ವಿಭಾಗಗಳಿಗೆ 8,442 ಪುರುಷರೂ 4,321 ಮಹಿಳೆಯರೂ ಅರ್ಜಿ ಹಾಕಿದ್ದರು. ಪುರುಷರಲ್ಲಿ ಶೇ. 44 ಮಂದಿಗೆ ಸೀಟು ಸಿಕ್ಕಿತು, ಮಹಿಳೆಯರಲ್ಲಿ ಶೇ. 35 ಮಂದಿಗೆ. ಎಲ್ಲರಿಗೂ ಒಂದೇ ದರದಲ್ಲಿ ಸೀಟು ಕೊಟ್ಟಿದ್ದರೆ ಇನ್ನೂ ಸುಮಾರು 277 ಮಹಿಳೆಯರು ಒಳಗೆ ಬರಬೇಕಿತ್ತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇಷ್ಟು ಅಂತರ ಆಕಸ್ಮಿಕವಾಗಿ ಬರುವುದಿಲ್ಲ. ಲಿಂಗ ತಾರತಮ್ಯಕ್ಕೆ ಇದಕ್ಕಿಂತ ಪುರಾವೆ ಬೇಕೇ ಅನ್ನಿಸುವುದು ಸಹಜ.

ಸಂಖ್ಯಾಶಾಸ್ತ್ರಜ್ಞ ಪೀಟರ್ ಬಿಕೆಲ್ ಮತ್ತು ಅವರ ಸಹಲೇಖಕರಾದ ಹ್ಯಾಮೆಲ್, ಓಕಾನೆಲ್ ಈ ಅಂಕಿಗಳನ್ನು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತಾರತಮ್ಯ ನಡೆದಿದ್ದರೆ ಅದು ಯಾವುದಾದರೂ ವಿಭಾಗದಲ್ಲೇ ನಡೆದಿರಬೇಕು, ಏಕೆಂದರೆ ಅರ್ಜಿ ನೋಡಿ ಆಯ್ಕೆ ಮಾಡುವುದು ವಿಭಾಗಗಳೇ. ಇದ್ದ 101 ವಿಭಾಗಗಳ ಪೈಕಿ ಹೋಲಿಕೆಗೆ ಸಿಕ್ಕಿದ್ದು 85. ಉಳಿದ ಕಡೆ ಮಹಿಳೆಯರ ಅರ್ಜಿಯೇ ಇರಲಿಲ್ಲ, ಇಲ್ಲವೇ ಯಾರನ್ನೂ ತಿರಸ್ಕರಿಸಿರಲಿಲ್ಲ. ಆ 85ರಲ್ಲಿ ಮಹಿಳೆಯರು ಎದ್ದು ಕಾಣುವಷ್ಟು ಹಿಂದುಳಿದಿದ್ದು 4 ವಿಭಾಗಗಳಲ್ಲಿ ಮಾತ್ರ. ಪುರುಷರು ಅದೇ ಮಟ್ಟಿಗೆ ಹಿಂದುಳಿದಿದ್ದು 6 ವಿಭಾಗಗಳಲ್ಲಿ. ಒಟ್ಟು ಲೆಕ್ಕ ಎತ್ತಿ ತೋರಿಸಿದ ಅಪರಾಧಿ ಬಿಡಿ ಲೆಕ್ಕದಲ್ಲಿ ಎಲ್ಲೂ ಸಿಗಲಿಲ್ಲ.

ಈ ಪ್ರಕರಣದಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಲಾಗಿತ್ತು ಎಂದು ಹಲವು ಕಡೆ ಓದಲು ಸಿಗುತ್ತದೆ. ಹಾಗೇನೂ ಆಗಿರಲಿಲ್ಲ, ಅಂಥದ್ದಾದೀತು ಎಂಬ ಆತಂಕವಷ್ಟೇ ಇತ್ತು.

ಅತಿ ದೊಡ್ಡ ಆರು ವಿಭಾಗಗಳ ಅಂಕಿಗಳು ಇಂದಿಗೂ ಎಲ್ಲರಿಗೂ ಸಿಗುತ್ತವೆ. ವಿಭಾಗಗಳ ಹೆಸರಿಲ್ಲ, ಅಕ್ಷರಗಳಷ್ಟೇ ಇವೆ. ಅರ್ಜಿಗಳ ಸಂಖ್ಯೆಯ ಮುಂದೆ ಆವರಣದಲ್ಲಿ ಸೀಟು ಸಿಕ್ಕವರ ಪ್ರಮಾಣವಿದೆ:

| ವಿಭಾಗ | ಪುರುಷರ ಅರ್ಜಿ | ಮಹಿಳೆಯರ ಅರ್ಜಿ |
|---|---|---|
| ಎ | 825 (ಶೇ. 62) | 108 (ಶೇ. 82) |
| ಬಿ | 560 (ಶೇ. 63) | 25 (ಶೇ. 68) |
| ಸಿ | 325 (ಶೇ. 37) | 593 (ಶೇ. 34) |
| ಡಿ | 417 (ಶೇ. 33) | 375 (ಶೇ. 35) |
| ಇ | 191 (ಶೇ. 28) | 393 (ಶೇ. 24) |
| ಎಫ್ | 373 (ಶೇ. 6) | 341 (ಶೇ. 7) |
| ಒಟ್ಟು | 2,691 (ಶೇ. 45) | 1,835 (ಶೇ. 30) |

ಕೊನೆಯ ಸಾಲಿನಲ್ಲಿ ಪುರುಷರು ಸುಮಾರು 14 ಅಂಶ ಮುಂದಿದ್ದಾರೆ. ಮೇಲಿನ ಸಾಲುಗಳಲ್ಲಿ ಪುರುಷರು ಅಷ್ಟು ಮುಂದಿರುವುದು ಎಲ್ಲೂ ಇಲ್ಲ. ನಾಲ್ಕು ವಿಭಾಗಗಳಲ್ಲಿ ಮಹಿಳೆಯರೇ ಮುಂದಿದ್ದಾರೆ, 'ಎ'ಯಲ್ಲಂತೂ ಬಹಳ ಮುಂದೆ. 'ಸಿ' ಮತ್ತು 'ಇ'ಯಲ್ಲಿ ಪುರುಷರು ಮುಂದಿದ್ದರೂ ಮೂರು ನಾಲ್ಕು ಅಂಶದಷ್ಟೇ. "ಪ್ರತಿ ವಿಭಾಗದಲ್ಲೂ ಮಹಿಳೆಯರೇ ಮುಂದಿದ್ದರು" ಎಂದು ಈ ಕಥೆಯನ್ನು ಚೊಕ್ಕ ಮಾಡಿ ಹೇಳುವವರಿದ್ದಾರೆ. ಅದು ಸರಿಯಲ್ಲ, ಕಥೆಗೆ ಅದರ ಅಗತ್ಯವೂ ಇಲ್ಲ.

ಗುಟ್ಟಿರುವುದು ಶೇಕಡಾವಾರಿನಲ್ಲಲ್ಲ, ಅರ್ಜಿಗಳ ಸಂಖ್ಯೆಯಲ್ಲಿ. ಅದನ್ನು ಕಾಣಲು ಆರು ವಿಭಾಗಗಳನ್ನು ಎರಡು ಕಟ್ಟಾಗಿ ಮಾಡಿಕೊಳ್ಳೋಣ. 'ಎ' ಮತ್ತು 'ಬಿ' ಸೀಟು ಸುಲಭವಾಗಿ ಸಿಗುವ ವಿಭಾಗಗಳು. ಉಳಿದ ನಾಲ್ಕು ಕಷ್ಟದವು. ಸುಲಭದ ಕಟ್ಟಿನಲ್ಲಿ 1,385 ಪುರುಷರ ಪೈಕಿ 865 ಮಂದಿಗೆ, ಅಂದರೆ ಶೇ. 62.5 ಮಂದಿಗೆ ಸೀಟು ಸಿಕ್ಕಿದೆ. 133 ಮಹಿಳೆಯರ ಪೈಕಿ 106 ಮಂದಿಗೆ, ಅಂದರೆ ಶೇ. 79.7 ಮಂದಿಗೆ. ಕಷ್ಟದ ಕಟ್ಟಿನಲ್ಲಿ 1,306 ಪುರುಷರ ಪೈಕಿ 333 ಮಂದಿಗೆ, ಅಂದರೆ ಶೇ. 25.5, 1,702 ಮಹಿಳೆಯರ ಪೈಕಿ 451 ಮಂದಿಗೆ, ಅಂದರೆ ಶೇ. 26.5. ಎರಡೂ ಕಟ್ಟುಗಳಲ್ಲಿ ಮಹಿಳೆಯರು ಮುಂದೆ, ಕೂಡಿಸಿದರೆ ಹಿಂದೆ. ಈಗ ಪೂರ್ತಿ ತಿರುವುಮುರುವು.

ಈ ಅಂಕಿಗಳಲ್ಲಿ ನಿಜಕ್ಕೂ ದಿಗಿಲು ಹುಟ್ಟಿಸುವಂಥದ್ದು ಯಾವುದು? ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 51.5 ಮಂದಿ, ಸುಲಭದ ಕಟ್ಟಿಗೆ ಅರ್ಜಿ ಹಾಕಿದ್ದಾರೆ. ಮಹಿಳೆಯರಲ್ಲಿ ಅಲ್ಲಿಗೆ ಅರ್ಜಿ ಹಾಕಿದವರು ಶೇ. 7.2 ಮಾತ್ರ.

ಇನ್ನು ಗಣಿತ ಸರಳ. ಒಟ್ಟು ದರ ಎನ್ನುವುದು ಕಟ್ಟುಗಳ ದರಗಳ ಸರಾಸರಿಯೇ. ಆದರೆ ಯಾವ ಕಟ್ಟಿನಲ್ಲಿ ಎಷ್ಟು ಅರ್ಜಿ ಇವೆಯೋ ಅದಕ್ಕೆ ಅಷ್ಟು ತೂಕ ಕೊಟ್ಟು ತೆಗೆದ ಸರಾಸರಿ. ಹೀಗೆ:

```
ಪುರುಷರು:  0.515 × 62.5 + 0.485 × 25.5 ≈ 44.5
ಮಹಿಳೆಯರು: 0.072 × 79.7 + 0.928 × 26.5 ≈ 30.3
```

ಮಹಿಳೆಯರ ಶೇ. 79.7ಕ್ಕೆ ಸಿಕ್ಕ ತೂಕ ನೋಡಿ. ಅಷ್ಟು ಒಳ್ಳೆಯ ದರವಿದ್ದೂ ಅದು ಒಟ್ಟಿಗೆ ಆರು ಅಂಶವನ್ನೂ ಸೇರಿಸಲಾಗಲಿಲ್ಲ. ಅಂದರೆ 44.5 ಮತ್ತು 30.3 ಎಂಬ ಎರಡು ಅಂಕಿಗಳನ್ನು ಹೋಲಿಸುವಾಗ ನಾವು ಆಯ್ಕೆ ಸಮಿತಿಗಳ ವರ್ತನೆಯನ್ನಷ್ಟೇ ಹೋಲಿಸುತ್ತಿಲ್ಲ. ಯಾರು ಎಲ್ಲಿಗೆ ಅರ್ಜಿ ಹಾಕಿದರು ಎಂಬುದನ್ನೂ ಅದರೊಳಗೆ ಬೆರೆಸಿಬಿಟ್ಟಿದ್ದೇವೆ.

ಇಂಥ ತಿರುವಿಗೆ ಎರಡು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ವಿಭಾಗಗಳ ಪ್ರವೇಶ ದರಗಳಲ್ಲಿ ಭಾರಿ ವ್ಯತ್ಯಾಸವಿರಬೇಕು, ಮತ್ತು ಎರಡು ಗುಂಪುಗಳು ಆ ವಿಭಾಗಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿಹೋಗಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಎಲ್ಲ ವಿಭಾಗಗಳಲ್ಲಿ ಮುಂದಿರುವವರು ಒಟ್ಟಿನಲ್ಲಿ ಹಿಂದೆ ಬೀಳುವಷ್ಟು ತಿರುವು ಉಂಟಾಗುವುದಿಲ್ಲ. ಇನ್ನೊಂದು ಮಿತಿಯೂ ಇದೆ: ಸರಾಸರಿ ಯಾವಾಗಲೂ ಅತಿ ಕಡಿಮೆ ಮತ್ತು ಅತಿ ಹೆಚ್ಚು ದರಗಳ ನಡುವೆಯೇ ಇರುತ್ತದೆ. ಹಾಗಾಗಿ ಒಂದು ಗುಂಪಿನ ಅತಿ ಕಡಿಮೆ ದರವೇ ಇನ್ನೊಂದರ ಅತಿ ಹೆಚ್ಚಿನ ದರಕ್ಕಿಂತ ಮೇಲಿದ್ದರೆ, ಹೇಗೆ ಕೂಡಿಸಿದರೂ ಫಲಿತಾಂಶ ತಿರುಗದು. ಇಲ್ಲಿ ಮಹಿಳೆಯರ ದರ 26.5ರಿಂದ 79.7, ಪುರುಷರದ್ದು 25.5ರಿಂದ 62.5. ಒಂದರ ಮೇಲೊಂದು ಹಾಯುತ್ತವೆ, ಆದ್ದರಿಂದಲೇ ತಿರುವಿಗೆ ಜಾಗ ಸಿಕ್ಕಿತು.

ಅರ್ಜಿಗಳ ಸಂಖ್ಯೆ ಹತ್ತು ಪಟ್ಟಾದರೂ ಇದು ಸರಿಹೋಗುವುದಿಲ್ಲ. ಹಂಚಿಕೆ ಹೀಗೇ ಇದ್ದರೆ ತಿರುವೂ ಹೀಗೇ ಇರುತ್ತದೆ. ಒಟ್ಟು ಲೆಕ್ಕದ ಅಂತರವನ್ನು ಮೊದಲು ಪರೀಕ್ಷಿಸಿದಾಗ ಎಡವಿದ್ದು ಇಲ್ಲೇ: ಅಂತರ ಆಕಸ್ಮಿಕವಲ್ಲ ಎಂದಷ್ಟೇ ಆ ಪರೀಕ್ಷೆ ಹೇಳಿತ್ತು, ಓದಿದವರು ಅಂತರದ ಕಾರಣವನ್ನೂ ಅದು ಹೇಳಿತೆಂದು ತಿಳಿದರು.

ಹಂಚಿಕೆಯ ಪ್ರಭಾವವನ್ನು ತೆಗೆದು ನೋಡಲು ಒಂದು ಹಳೆಯ ಉಪಾಯವಿದೆ. ಎರಡೂ ಗುಂಪುಗಳಿಗೆ ಒಂದೇ ತೂಕ ಕೊಡುವುದು. ಪ್ರತಿ ವಿಭಾಗದ ಒಟ್ಟು ಅರ್ಜಿಗಳನ್ನು ತೂಕವಾಗಿ ಇಟ್ಟುಕೊಳ್ಳಿ: 'ಎ'ಗೆ 933, 'ಬಿ'ಗೆ 585, 'ಸಿ'ಗೆ 918, 'ಡಿ'ಗೆ 792, 'ಇ'ಗೆ 584, 'ಎಫ್'ಗೆ 714, ಒಟ್ಟು 4,526. ಪುರುಷರ ದರವನ್ನು ಆಯಾ ತೂಕದಿಂದ ಗುಣಿಸಿ, ಕೂಡಿಸಿ, 4,526ರಿಂದ ಭಾಗಿಸಿ. ಉತ್ತರ ಸುಮಾರು ಶೇ. 39. ಮಹಿಳೆಯರ ದರಗಳಿಗೂ ಹಾಗೇ ಮಾಡಿದರೆ ಶೇ. 43. ಈ ನಾಲ್ಕು ಅಂಶದ ಮುನ್ನಡೆ ಎಲ್ಲಿಂದ ಬಂತೆಂದೂ ನೋಡಬೇಕು. ಬಹುಪಾಲು 'ಎ' ವಿಭಾಗದ ಶೇ. 82ರಿಂದ ಬಂದಿದೆ, ಅದು ನಿಂತಿರುವುದು ಕೇವಲ 108 ಅರ್ಜಿಗಳ ಮೇಲೆ. ಒಂದು ಸಣ್ಣ ಗುಂಪಿನ ದರಕ್ಕೆ ದೊಡ್ಡ ತೂಕ ಕೊಟ್ಟಾಗ ಉತ್ತರವನ್ನು ಅಷ್ಟೇ ಎಚ್ಚರದಿಂದ ಓದಬೇಕು.

ಈ ಅಂಕಿಗಳು ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದೊಳಗೇ ಬರುತ್ತವೆ. ಮೊದಲ ಸಾಲು ಕೂಡಿಸಿದ ಪಟ್ಟಿಯನ್ನೂ, ಎರಡನೆಯದು ವಿಭಾಗವಾರು ದರವನ್ನೂ ತೋರಿಸುತ್ತದೆ:

```
apply(UCBAdmissions, c(1, 2), sum)
round(prop.table(UCBAdmissions, c(2, 3))[1, , ], 2)
```

ಗುಂಪುಗಳನ್ನು ಕೂಡಿಸಿದಾಗ ಒಲವು ತಿರುಗುವ ಈ ವಿದ್ಯಮಾನಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು. ಇದಕ್ಕೆ ಹತ್ತಿರದ ಮಾತನ್ನು ಉಡ್ನಿ ಯೂಲ್ 1903ರಲ್ಲೇ ಹೇಳಿದ್ದರು. ಹೆಸರು ಮಾತ್ರ ಸಿಂಪ್ಸನ್‌ರದ್ದಾಯಿತು.

ಇಷ್ಟು ಓದಿದವರು "ಹಾಗಾದರೆ ಯಾವಾಗಲೂ ಬಿಡಿಸಿ ನೋಡಿದರಾಯಿತು" ಎಂದುಕೊಳ್ಳುವ ಅಪಾಯವಿದೆ. ಬಿಡಿಸಿದ ಲೆಕ್ಕವೂ ಮೋಸ ಮಾಡಬಲ್ಲದು. ಒಂದು ಕಾಲ್ಪನಿಕ ವಿಭಾಗ ತೆಗೆದುಕೊಳ್ಳಿ. 100 ಮಹಿಳೆಯರಲ್ಲಿ 50 ಮಂದಿಗೆ, 100 ಪುರುಷರಲ್ಲಿ 50 ಮಂದಿಗೆ ಸೀಟು ಸಿಕ್ಕಿದೆ. ವಿಭಾಗದ ಮಟ್ಟದಲ್ಲಿ ಎಲ್ಲ ಸಮ. ಈಗ ಅರ್ಜಿದಾರರನ್ನು ಹಿಂದಿನ ಪರೀಕ್ಷೆಯ ಅಂಕದ ಪ್ರಕಾರ ವಿಂಗಡಿಸಿ. ಹೆಚ್ಚು ಅಂಕದ 80 ಮಹಿಳೆಯರಲ್ಲಿ 48 ಮಂದಿ ಆಯ್ಕೆಯಾಗಿದ್ದಾರೆ, ಶೇ. 60, ಹೆಚ್ಚು ಅಂಕದ 50 ಪುರುಷರಲ್ಲಿ 40 ಮಂದಿ, ಶೇ. 80. ಕಡಿಮೆ ಅಂಕದ 20 ಮಹಿಳೆಯರಲ್ಲಿ 2 ಮಂದಿ, ಶೇ. 10, ಕಡಿಮೆ ಅಂಕದ 50 ಪುರುಷರಲ್ಲಿ 10 ಮಂದಿ, ಶೇ. 20. ಅರ್ಹತೆ ಹೆಚ್ಚಿದ್ದ ಮಹಿಳೆಯರನ್ನು ಎರಡೂ ಕಡೆ ಹಿಂದಕ್ಕೆ ತಳ್ಳಲಾಗಿದೆ, ವಿಭಾಗದ ಮೊತ್ತ ಮಾತ್ರ ಅದನ್ನು ಮುಚ್ಚಿಟ್ಟಿದೆ. ಬರ್ಕ್ಲಿಯ ಲೇಖನ ಬಂದಾಗ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ರುಸ್ಕಲ್ ಎತ್ತಿದ ಆಕ್ಷೇಪ ಇದೇ ಬಗೆಯದು: ವಿಭಾಗಗಳಿಗೆ ಬಂದು ಯಾಕೆ ನಿಲ್ಲಬೇಕು?

ಎಲ್ಲಿ ನಿಲ್ಲಬೇಕೆಂದು ಪಟ್ಟಿ ತಾನಾಗಿ ಹೇಳುವುದಿಲ್ಲ. ಪ್ರಶ್ನೆ ಏನು, ವಿಂಗಡಿಸಲು ಹಿಡಿದ ಸಂಗತಿ ಕಾರಣಗಳ ಸರಪಳಿಯಲ್ಲಿ ಎಲ್ಲಿ ಕೂತಿದೆ ಎಂಬುದು ಹೇಳುತ್ತದೆ. ಒಂದೇ ವಿಭಾಗಕ್ಕೆ ಬಂದ ಅರ್ಜಿಗಳನ್ನು ಸಮಿತಿ ಲಿಂಗ ನೋಡಿ ತೂಗಿತೇ ಎಂದು ಕೇಳುವುದಾದರೆ ವಿಭಾಗವಾರು ನೋಡಲೇಬೇಕು, ಮತ್ತು ಅಂಕದಂಥ ಹಿಂದಿನ ಅರ್ಹತೆ ಸಿಕ್ಕರೆ ಅದನ್ನೂ ಸೇರಿಸಬೇಕು. ಒಬ್ಬ ಮಹಿಳೆಗೆ ಈ ವಿಶ್ವವಿದ್ಯಾಲಯದಲ್ಲಿ ಕೊನೆಗೆ ಸೀಟು ಸಿಗುವ ಸಂಭವ ಯಾಕೆ ಕಡಿಮೆ ಎಂದು ಕೇಳುವುದಾದರೆ, ವಿಭಾಗದ ಆಯ್ಕೆಯೇ ಉತ್ತರದ ಒಂದು ಭಾಗ. ವಿಭಾಗವಾರು ಬಿಡಿಸಿದರೆ ಆ ಭಾಗವೇ ಲೆಕ್ಕದಿಂದ ಮಾಯವಾಗುತ್ತದೆ.

ಬಿಕೆಲ್ ತಂಡವೂ ಎಲ್ಲ ಸರಿಯಿದೆ ಎಂದು ಕೈತೊಳೆದುಕೊಳ್ಳಲಿಲ್ಲ. ಪದವಿಯ ಹೊತ್ತಿಗಾಗಲೇ ಗಣಿತ ಹೆಚ್ಚು ಕಲಿತಿರಬೇಕಾದ ವಿಭಾಗಗಳಲ್ಲಿ ಸೀಟು ಸಿಗುವುದು ಸುಲಭವಾಗಿತ್ತು. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ನೂಕುನುಗ್ಗಲಿನ, ಹಣಕಾಸಿನ ನೆರವು ಕಡಿಮೆಯಿರುವ ವಿಭಾಗಗಳಿಗೆ. ಆ ಹಂಚಿಕೆ ಶುರುವಾಗಿದ್ದು ಶಿಕ್ಷಣದ ಹಿಂದಿನ ಹಂತಗಳಲ್ಲಿ, ಸಮಾಜ ಬೆಳೆಸುವ ರೀತಿಯಲ್ಲಿ ಎಂದು ಅವರು ಬರೆದರು. ಪ್ರವೇಶದ ಪಟ್ಟಿ ಅರ್ಜಿಯಿಂದ ಶುರುವಾಗುತ್ತದೆ, ಆದ್ದರಿಂದ ಅದರ ಹಿಂದಿನದ್ದನ್ನು ಆ ಪಟ್ಟಿಯಿಂದ ಅಳೆಯಲು ಬರುವುದಿಲ್ಲ.