ಆಸ್ಪಿರಿನ್‌ನಲ್ಲಿದ್ದು ತೊಗಟೆಯಲ್ಲಿಲ್ಲದ ಒಂದು ತುಣುಕು

‘ವಿಲೋ ಮರದ ತೊಗಟೆಯೇ ಅಸಲಿ ಆಸ್ಪಿರಿನ್. ಮಾತ್ರೆ ಬಿಡಿ, ಕಷಾಯ ಕುಡಿಯಿರಿ’ ಅನ್ನುವ ವಾಟ್ಸ್ಆಪ್ ಸಂದೇಶ ಹಾಸನದಲ್ಲೂ ಜೋರಾಗಿ ಓಡಾಡುತ್ತಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಪರಿಚಯದವರೊಬ್ಬರು ಸಕಲೇಶಪುರದ ಕಡೆಯಿಂದ ನೀರಂಜಿ ತೊಗಟೆ ತರಿಸಲು ಹೊರಟಿದ್ದರು. ಹೊಳೆ ದಂಡೆಯ ನೀರಂಜಿ ವಿಲೋ ಕುಲದ ಮರವೇ, ಅದೇನೋ ಸರಿ. ಆದರೆ ಅವರಿಗೆ ಬೇಕಾದ ಕೆಲಸ ಆ ತೊಗಟೆಯಿಂದ ಆಗುವುದಿಲ್ಲ.

ತೊಗಟೆಯ ಖ್ಯಾತಿ ಸುಳ್ಳೇನಲ್ಲ. 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಚಳಿಜ್ವರ ಬಂದ ಸುಮಾರು 50 ಜನರಿಗೆ ವಿಲೋ ತೊಗಟೆಯ ಪುಡಿ ಕೊಟ್ಟು, ಗುಣ ಕಂಡಿತೆಂದು ರಾಯಲ್ ಸೊಸೈಟಿಗೆ ಪತ್ರ ಬರೆದ. ತೊಗಟೆಯನ್ನು ಒಣಗಿಸಿದ್ದು ಬ್ರೆಡ್ ಸುಡುವ ಒಲೆಯ ಪಕ್ಕದಲ್ಲಿ, ಮೂರು ತಿಂಗಳು! ಕಹಿ ಸಾರ ಸ್ಯಾಲಿಸಿನ್ ಕೈಗೆ ಸಿಕ್ಕಿದ್ದು 1828ರಲ್ಲಿ, ಜರ್ಮನಿಯ ಬುಕ್ನರ್ ಎಂಬಾತನಿಗೆ.

ಸ್ಯಾಲಿಸಿನ್ ಅಂದರೆ ಸ್ಯಾಲಿಜೆನಿನ್ ಎಂಬ ಪುಟ್ಟ ಅಣುವಿಗೆ ಒಂದು ಗ್ಲೂಕೋಸ್ ಅಂಟಿಕೊಂಡಿರುವುದು, ಅಷ್ಟೆ. ಕುಡಿದಾಗ ಅದು ಹೊಟ್ಟೆಯನ್ನು ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ಕರುಳಿನ ಕೆಳಭಾಗದಲ್ಲಿರುವ ಬ್ಯಾಕ್ಟೀರಿಯಾಗಳು ಗ್ಲೂಕೋಸನ್ನು ಕತ್ತರಿಸುತ್ತವೆ. ಉಳಿದ ಸ್ಯಾಲಿಜೆನಿನ್ ರಕ್ತಕ್ಕೆ ಸೇರುತ್ತದೆ. ಮುಖ್ಯವಾಗಿ ಯಕೃತ್ತಿನಲ್ಲಿ ಅದಕ್ಕೆ ಆಮ್ಲಜನಕ ಕೂಡಿ ಸ್ಯಾಲಿಸಿಲಿಕ್ ಆಮ್ಲ ಆಗುತ್ತದೆ. ರಕ್ತದಲ್ಲಿ ಅದು ಸ್ಯಾಲಿಸಿಲೇಟ್ ರೂಪದಲ್ಲಿ ಸುತ್ತುತ್ತದೆ. ಅಂದರೆ ಮರ ಕೊಡುವುದು ಅರ್ಧ ತಯಾರಾದ ಮದ್ದು, ಮುಗಿಸುವುದು ನಮ್ಮ ಮೈಯೇ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಈ ಸ್ಯಾಲಿಸಿಲೇಟ್ ಹೋಗಿ ತಡೆಯುವುದು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವನ್ನು. ಆ ಕಿಣ್ವದೊಳಗೆ ಒಂದು ಸುರಂಗವಿದೆ. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬು ಅದರೊಳಗೆ ಹೋದರೆ, ನೋವು, ಜ್ವರ, ಊತ ತರುವ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿ ಶುರುವಾಗುತ್ತದೆ. ಸ್ಯಾಲಿಸಿಲೇಟ್ ಈ ದಾರಿಗೆ ಅಡ್ಡ ಬರುತ್ತದೆ, ಆದರೆ ಎಸ್ಟೇಟ್ ಗೇಟಿಗೆ ಅಡ್ಡ ನಿಂತ ಎಮ್ಮೆಯ ಹಾಗೆ: ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ತಾನೇ ಹೊರಟುಹೋಗುತ್ತದೆ. ಆಸ್ಪಿರಿನ್ ಮಾಡುವುದು ಗೇಟಿಗೆ ವೆಲ್ಡಿಂಗ್.

ವೆಲ್ಡಿಂಗ್ ಮಾಡುವುದು ಅಸಿಟೈಲ್ ಎಂಬ ತುಣುಕು. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲದ ಮೇಲೆ ಕಾರ್ಖಾನೆಯಲ್ಲಿ ಈ ತುಣುಕನ್ನು ಕೂರಿಸಿದ ಅಣು. ಅದು ಸುರಂಗದೊಳಗೆ ಹೋಗಿ ಅಲ್ಲಿರುವ ಸೆರೀನ್ ಎಂಬ ಒಂದು ಅಮೈನೋ ಆಮ್ಲಕ್ಕೆ ತನ್ನ ಅಸಿಟೈಲನ್ನು ಕಾಯಂ ಆಗಿ ಅಂಟಿಸುತ್ತದೆ. ಆಮೇಲೆ ಆಸ್ಪಿರಿನ್ ಇದ್ದರೂ ಒಂದೇ, ಹೋದರೂ ಒಂದೇ. ಹೋಗುವುದೂ ಬೇಗ: ರಕ್ತದಲ್ಲಿರುವ ಆಸ್ಪಿರಿನ್ 15–20 ನಿಮಿಷದಲ್ಲೇ ಅರ್ಧಕ್ಕಿಳಿಯುತ್ತದೆ. ಅಸಿಟೈಲ್ ಕಳೆದುಕೊಂಡು ಅದು ಆಗುವುದೂ ಅದೇ ಸ್ಯಾಲಿಸಿಲೇಟ್! ಸ್ಯಾಲಿಸಿನ್ ಮಾತ್ರ ಯಾವ ಹಂತದಲ್ಲೂ ಆಸ್ಪಿರಿನ್ ಆಗುವುದಿಲ್ಲ. ನಮ್ಮ ಯಕೃತ್ತಿಗೆ ಅಸಿಟೈಲ್ ತೆಗೆಯಲು ಬರುತ್ತದೆ, ಸ್ಯಾಲಿಸಿಲೇಟಿಗೆ ಅದನ್ನು ಕೂರಿಸಿ ಆಸ್ಪಿರಿನ್ ಮಾಡಲು ಬರುವುದಿಲ್ಲ.

ಸ್ಟೆಂಟ್ ಇದ್ದವರಿಗೆ ಬೇಕಾದ್ದು ಈ ವೆಲ್ಡಿಂಗೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗೆ ಗುಂಪುಗಟ್ಟಲು ಇದೇ ಕಿಣ್ವ ನೆರವಾಗುತ್ತದೆ. ಆದರೆ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ. ಹಾಗಾಗಿ ಮುಚ್ಚಿಹೋದ ಕಿಣ್ವದ ಬದಲಿಗೆ ಹೊಸದನ್ನು ಅದು ತಯಾರಿಸಲಾರದು. ಬದುಕಿರುವ 7–10 ದಿನ ಹಾಗೇ ಇರುತ್ತದೆ. ದಿನಕ್ಕೆ 75 ಮಿಲಿಗ್ರಾಂನ ಚಿಕ್ಕ ಮಾತ್ರೆ ಸಾಲುವುದು ಇದೇ ಕಾರಣಕ್ಕೆ.

ಈಗ ಕಷಾಯದ ಲೆಕ್ಕ ನೋಡೋಣ. ಬೆನ್ನುನೋವಿನ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಇರುವ ಸಾರ. ತೊಗಟೆಯಲ್ಲಿ ಸ್ಯಾಲಿಸಿನ್ ಶೇ. 1.5 ಇದೆ ಎಂದುಕೊಂಡರೆ ಅದಕ್ಕೆ 16 ಗ್ರಾಂ ತೊಗಟೆ ಬೇಕು, ಅದೂ ಪೂರ್ತಿ ಸಾರ ಇಳಿದರೆ. ಈ ಪ್ರಮಾಣ ಮರದಿಂದ ಮರಕ್ಕೆ, ಜಾತಿಯಿಂದ ಜಾತಿಗೆ ತುಂಬಾ ಬದಲಾಗುತ್ತದೆ. ಹೊಳೆ ದಂಡೆಯಲ್ಲಿ ನಿಂತು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ.

ಆ 240 ಮಿಲಿಗ್ರಾಂನಿಂದ ರಕ್ತಕ್ಕೆ ಬರುವ ಸ್ಯಾಲಿಸಿಲೇಟ್, ಸುಮಾರು 87 ಮಿಲಿಗ್ರಾಂ ಆಸ್ಪಿರಿನ್ ನುಂಗಿದಾಗ ಬರುವಷ್ಟು. ನೋವಿಗೆಂದು ನುಂಗುವ ಆಸ್ಪಿರಿನ್ 300 ಮಿಲಿಗ್ರಾಂ ಅಥವಾ ಇನ್ನೂ ಜಾಸ್ತಿ. ಆದರೂ ತೊಗಟೆಯ ಸಾರದಿಂದ ಕೆಲವರ ಬೆನ್ನುನೋವು ಕಡಿಮೆಯಾಗಿದೆ. ಹಾಗಾದರೆ ತೊಗಟೆಯ ಪಾಲಿಫಿನಾಲ್‌ಗಳಂಥ ಬೇರೆ ಅಂಶಗಳೂ ಕೈ ಜೋಡಿಸುತ್ತಿರಬೇಕು, ಅಲ್ವಾ?

ಪ್ಲೇಟ್‌ಲೆಟ್‌ಗಳನ್ನೇ ನೇರವಾಗಿ ಪರೀಕ್ಷಿಸಿದ್ದೂ ಇದೆ. ರಕ್ತದ ಮಾದರಿಗೆ ಅರಾಕಿಡೋನಿಕ್ ಆಮ್ಲ ಹಾಕಿ, ಪ್ಲೇಟ್‌ಲೆಟ್‌ಗಳು ಎಷ್ಟು ಗುಂಪುಗಟ್ಟುತ್ತವೆ ಎಂದು ಅಳೆದರು. ಸುಮ್ನೆ ಪೊಳ್ಳು ಮಾತ್ರೆ ತಿಂದವರಲ್ಲಿ ಶೇ. 78, ನಾಲ್ಕು ವಾರ ತೊಗಟೆಯ ಸಾರ ತಿಂದವರಲ್ಲಿ ಶೇ. 61. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ತಿಂದವರಲ್ಲಿ ಶೇ. 13.

ಹೀಗಂತ ತೊಗಟೆ ನಿರಪಾಯಕಾರಿಯೂ ಅಲ್ಲ. ಆಸ್ಪಿರಿನ್ ಅಲರ್ಜಿ ಇದ್ದವರಿಗೂ, ಜ್ವರ ಬಂದ ಮಕ್ಕಳಿಗೂ ಅದನ್ನು ಕೊಡಬಾರದು. ಮಳೆಗಾಲದಲ್ಲಿ ಡೆಂಗ್ಯೂ ಅನುಮಾನ ಇರುವ ಮೈಕೈನೋವಿಗೆ ಈ ಕಷಾಯವೂ ಬೇಡ, ಆಸ್ಪಿರಿನ್ನೂ ಬೇಡ. ಆ ಜ್ವರಕ್ಕೆ ಡಾಕ್ಟರು ಕೊಡುವುದು ಪ್ಯಾರಸಿಟಮಾಲ್.