ಎಸ್‌ಐಪಿ ಅಂದ್ರ ತಗೊಳ್ಳೋ ಸಾಮಾನಲ್ಲ ತಮ್ಮಾ

ತಮ್ಮಾ,

ನಿನ್ನೆ ಸೇಡಂದಿಂದ ಫೋನ್ ಮಾಡಿದಾಗ "ಅಕ್ಕಾ, ನಾನೂ ಒಂದು ಎಸ್‌ಐಪಿ ತಗೋತೀನಿ, ಯಾವ್ದಕ್ಕ ಬಡ್ಡಿ ಜಾಸ್ತಿ ಅದ ಹೇಳು" ಅಂದಿ. ಈ ತಿಂಗಳದಾಗ ಈ ಮಾತು ಮೂರನೇ ಸಲ ಕೇಳ್ಲಕತ್ತೀನಿ. ಫೋನಿನ್ಯಾಗ ಬಗೀಹರಿಯಲ್ಲ ಅಂತ ಬರೀಲಕತ್ತೀನಿ.

ಎಲ್ಲಾ ಗೊಂದಲ ಇರೋದು ಕಡೀ ಅಕ್ಷರದಾಗ. ಸಿಸ್ಟಮ್ಯಾಟಿಕ್ ಇನ್ವೆಸ್ಟ್‌ಮೆಂಟ್ ಪ್ಲಾನ್. ನಮ್ ಕಡಿ ಪ್ಲಾನ್ ಅಂದ್ ಕೂಡ್ಲೆ ವಿಮಾ ಏಜೆಂಟ್ ಮನೀಗಿ ತರೋ ಪಾಲಿಸಿ ನೆನಪಾಗ್ತದ, ಇಷ್ಟು ವರ್ಷ ತುಂಬು, ಕಡೀಗಿ ಇಷ್ಟು ಸಿಗ್ತದ ಅಂತ. ಇಲ್ಲಿ ಪ್ಲಾನ್ ಅಂದ್ರ ಅದಲ್ಲ, ರೊಕ್ಕ ಹಾಕೋ ಪದ್ಧತಿ ಅಷ್ಟೇ. ಮ್ಯೂಚುವಲ್ ಫಂಡ್ ಅಂದ್ರ ಭಾಳ ಮಂದಿ ರೊಕ್ಕ ಕೂಡಿಸಿ ಷೇರು, ಬಾಂಡಿನಂಥಾದ್ರಾಗ ಹಾಕೋದು. ನೀ ಖರೀದಿ ಮಾಡೋದು ಅದರಾಗಿನ ಪಾಲು, ಅಂದ್ರ ಯೂನಿಟ್, ಎಸ್‌ಐಪಿ ಅಂದ್ರ ಅವನ್ನ ಪ್ರತಿ ತಿಂಗಳ ಒಂದೇ ತಾರೀಖಿಗಿ ಖರೀದಿ ಮಾಡು ಅಂತ ನೀ ಕೊಟ್ಟ ಹುಕುಂ. ಹುಕುಮಿಗಿ ಬಡ್ಡಿ ಎಲ್ಲಿಂದ ಬರ್ತದ? ಹಿಂದಿರೋ ಫಂಡು ಏರಿದ್ರ ನಿನ್ನ ರೊಕ್ಕ ಏರ್ತದ, ಇಳದ್ರ ಇಳೀತದ. ಅದಕ್ಕ ಯಾರಾದ್ರೂ "ಎಸ್‌ಐಪಿದಾಗ 12 ಪರ್ಸೆಂಟ್ ಪಕ್ಕಾ" ಅಂದ್ರ ಅಲ್ಲಿಂದ ಎದ್ದ್ ಬಾ.

ಈ ಒಂದು ಶಬ್ದದಿಂದ ನಾನೇ ಮೋಸ ಹೋಗೀನಿ, ಅದಕ್ಕ ಇಷ್ಟು ಹೊತ್ತು ಹೇಳ್ಲಕತ್ತೀನಿ. ಕಲಬುರಗಿದಾಗ ಒಂದು ಬ್ಯಾಂಕಿಗಿ ಹೋದಾಗ "ಮೇಡಂ ಇದು ಎಸ್‌ಐಪಿನೇ" ಅಂತ ಹೇಳಿ ಸಹಿ ಮಾಡಿಸ್ಕೊಂಡ್ರು, ಮನೀಗಿ ಬಂದ ಕಾಗದ ನೋಡಿದ್ರ ಅದು ಯೂಲಿಪ್, ಅಂದ್ರ ವಿಮಾ ಸೇರಿಸಿದ್ದು, ಐದು ವರ್ಷ ತನ ರೊಕ್ಕ ತಗೀಲಕ ಬರಲ್ಲ. ಗುರ್ತು ಹಿಡಿಯೋದು ಸಲೀಸದ: ಕಾಗದದ ಮ್ಯಾಲ ಪಾಲಿಸಿ ನಂಬರ್, ಪ್ರೀಮಿಯಂ, ಸಮ್ ಅಶ್ಯೂರ್ಡ್ ಅಂತ ಇದ್ರ ಅದು ವಿಮಾ. ಫೋಲಿಯೋ ನಂಬರ್ ಅಂತ ಇದ್ರ ಮ್ಯೂಚುವಲ್ ಫಂಡ್. ಬರೇ ಯೂನಿಟ್, ಎನ್‌ಎವಿ ನೋಡಿ ನಂಬಬ್ಯಾಡ, ಅವು ಯೂಲಿಪ್ ಕಾಗದದಾಗೂ ಇರ್ತಾವ. ಎನ್‌ಎವಿ ಅಂದ್ರ ಒಂದು ಯೂನಿಟ್ಟಿನ ಅವತ್ತಿನ ರೇಟ್.

ಈಗ ಲೆಕ್ಕ ನೋಡು. ತಿಂಗಳಿಗಿ ₹1,000 ಹಾಕ್ತಿ ಅಂತ ತಿಳಕೊ. ಮೊದಲನೇ ತಿಂಗಳ ರೇಟ್ ₹50, ನಿಂಗ 20 ಯೂನಿಟ್ ಬಂದ್ವು. ಎರಡನೇ, ಮೂರನೇ ತಿಂಗಳ ರೇಟ್ ₹40ಕ್ಕ ಇಳೀತು, 25ರಂಗ 50 ಯೂನಿಟ್ ಬಂದ್ವು. ಈಗ ಆ್ಯಪ್ ತೆರದ್ರ ₹3,000 ಹಾಕಿದ್ದು ₹2,800 ಕಾಣಸ್ತದ. ಭಾಳ ಮಂದಿ ಇಲ್ಲೇ ಹೆದರಿ "ಎಸ್‌ಐಪಿ ಲಾಸ್ ಆಯ್ತು" ಅಂತ ನಿಂದರಿಸ್ತಾರ. ನಾಕನೇ ತಿಂಗಳ ರೇಟ್ ಮತ್ತ ₹50 ಆದ್ರ ಇನ್ನ 20 ಬಂದು ಒಟ್ಟು 90 ಯೂನಿಟ್, ಅಂದ್ರ ₹4,000 ಹಾಕಿದ್ದಕ್ಕ ₹4,500. ರೇಟ್ ಶುರು ಆದಲ್ಲಿಗೇ ಬಂದದ, ಆದ್ರೂ ಲಾಭ ಆಯ್ತು, ಯಾಕಂದ್ರ ಇಳದಾಗ ಅದೇ ರೊಕ್ಕಕ್ಕ ಜಾಸ್ತಿ ಯೂನಿಟ್ ಸಿಕ್ಕಿದ್ವು. ಹಂಗಂತ ಇದು ಕಾಪಾಡೋ ದೇವರಲ್ಲ. ನಾಕನೇ ತಿಂಗಳೂ ರೇಟ್ ₹40ರಾಗೇ ಇದ್ದು ಅವತ್ತೇ ರೊಕ್ಕ ಬೇಕಾಯ್ತು ಅಂದ್ರ 95 ಯೂನಿಟ್ಟಿಗಿ ₹3,800 ಸಿಗ್ತದ, ₹200 ಹೋಯ್ತು. ಅದಕ್ಕ ಮುಂದಿನ ವರ್ಷ ತಂಗಿ ಲಗ್ನಕ್ಕ ಬೇಕಾದ ರೊಕ್ಕ ಇದರಾಗ ಹಾಕಬ್ಯಾಡ, ಐದಾರು ವರ್ಷ ಮುಟ್ಟದೇ ಬಿಡೋದಷ್ಟೇ ಹಾಕು.

ಶುರು ಮಾಡೋದಕ್ಕ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಸಾಕು, ಫಂಡ್ ಕಂಪನಿ ವೆಬ್‌ಸೈಟಿನ್ಯಾಗೇ ಕೆವೈಸಿ ಆಗ್ತದ. ನಿಂಗ ನಿಫ್ಟಿ 50 ಇಂಡೆಕ್ಸ್ ಫಂಡ್ ಒಂದೇ ಸಾಕು, ಅಂದ್ರ ನಿಫ್ಟಿ ಪಟ್ಟಿಯಾಗಿನ 50 ದೊಡ್ಡ ಕಂಪನಿ ಷೇರಿನ್ಯಾಗ ರೊಕ್ಕ ಹಾಕೋ ಫಂಡು. ಅಲ್ಲಿ ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್ ಅಂತ ಕೇಳ್ತದ, ನೋಡು ಮತ್ತ ಅದೇ ಪ್ಲಾನ್ ಶಬ್ದ, ಮತ್ತ ಬ್ಯಾರೆ ಅರ್ಥ! ರೆಗ್ಯುಲರ್‌ದಾಗ ಮಾರಾಟ ಮಾಡಿದವರ ಕಮಿಷನ್ ಪ್ರತಿ ವರ್ಷ ನಿನ್ನ ರೊಕ್ಕದಾಗೇ ಮುರೀತದ. ಡೈರೆಕ್ಟ್ ಆರಿಸು, ಅದರ ಮುಂದ ಗ್ರೋತ್ ಅಂತ ಒತ್ತು, ಅಂದ್ರ ಲಾಭ ಕೈಗಿ ಬರದೇ ಫಂಡಿನ್ಯಾಗೇ ಉಳೀತದ.

ತಾರೀಖು 10 ಹಾಕು, ಯಾಕಂದ್ರ ನಿನ್ನ ಪಗಾರ 5ಕ್ಕ ಬರ್ತದ, ಒಂದೆರಡು ದಿನ ಹಿಂದ ಮುಂದ ಆದ್ರೂ ನಡೀತದ. ಆಟೋಪೇ ಹಾಕಿದ್ ಮ್ಯಾಲ ಖಾತೇದಾಗ ರೊಕ್ಕ ಇಲ್ಲಂದ್ರ ಫಂಡ್ ಕಂಪನಿ ದಂಡ ಹಾಕಲ್ಲ, ಆದ್ರ ಬ್ಯಾಂಕಿನವರು ಹಾಕಬಹುದು. ಇದು ಸಾಲದ ಕಂತೂ ಅಲ್ಲ, ಅವ್ವ ತುಂಬೋ ಭಿಶಿನೂ ಅಲ್ಲ, ಒಂದು ತಿಂಗಳ ತಪ್ಪಿದ್ರ ಯಾರೂ ಮನೀಗಿ ಬರಲ್ಲ, ಆ ತಿಂಗಳದ ಯೂನಿಟ್ ಬರಲ್ಲ ಅಷ್ಟೇ. ಸಾಲಾಗಿ ಮೂರು ಸಲ ತಪ್ಪಿದ್ರ ಎಸ್‌ಐಪಿ ತಾನೇ ರದ್ದಾಗ್ತದ. ರದ್ದಾಗೋದು ಆ ಹುಕುಂ ಮಾತ್ರ, ಮೊದಲ ಬಂದ ಯೂನಿಟ್ ಎಲ್ಲಾ ನಿನ್ನ ಹೆಸರಿನ್ಯಾಗೇ ಇರ್ತಾವ.

ನಾಮಿನಿ ಕಡಿ ಅವ್ವನ ಹೆಸರು ಬರಿ, ಆಧಾರದಾಗ ಇದ್ದಂಗೇ. ಮೊದಲನೇ ಕಂತು ಹೋದ್ ಮ್ಯಾಲ ಬಂದ ಸ್ಟೇಟ್‌ಮೆಂಟ್ ನನಗ ಕಳಸು, ಫೋಲಿಯೋ ನಂಬರ್ ಅದನೋ ಇಲ್ಲೋ ನೋಡ್ತೀನಿ.

ನಿನ್ನ ಅಕ್ಕ