ಕಾಫಿಪುಡಿ ಖಾಲಿಯಾಗುವ ದಿನದ ಲೆಕ್ಕ

ಮಾಟುಂಗಾ, ಡೊಂಬಿವಿಲಿ, ಮುಲುಂಡ್ ಕಡೆಯ ನಮ್ಮವರ ಹೋಟೆಲುಗಳಲ್ಲಿ ಬೆಳಗಿನ ಕಾಫಿಗೆ ರಜೆಯಿಲ್ಲ. ಪುಡಿ ಮುಗಿದರೆ ಮ್ಯಾನೇಜರ್ ಏಜೆಂಟರಿಗೆ ಫೋನ್ ಹಚ್ಚುತ್ತಾನೆ: “ಶೆಟ್ರೇ, ಗಾಡಿ ಎಲ್ಲಿಗೆ ಮುಟ್ಟಿತು ಮಾರಾಯ್ರೇ?” ಶೆಟ್ಟರ ಉತ್ತರವೂ ಗೊತ್ತಿದ್ದದ್ದೇ: “ಸಾತಾರಾ ದಾಟಿದೆ, ನಾಳೆ ಬೆಳಿಗ್ಗೆ ಖಂಡಿತ.” ಗಾಡಿ ಬರುವುದು ನಾಡಿದ್ದು.

ಚಿಕ್ಕಮಗಳೂರಿನಲ್ಲಿ ಹುರಿದು ಪುಡಿ ಮಾಡಿದ ಕಾಫಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಹಾದು ಭಿವಂಡಿ ಸುತ್ತಲಿನ ಹಳ್ಳಿಗಳ ಗೋದಾಮಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಆ ಹಳ್ಳಿಗಳಲ್ಲೇ ಗೋದಾಮುಗಳು ಬೆಳೆದದ್ದಕ್ಕೆ ಒಂದು ಕಾರಣ ಆಕ್ಟ್ರಾಯ್. ಮುಂಬಯಿ ಪಾಲಿಕೆಯ ಗಡಿಯ ಹೊರಗೆ ಸರಕು ಇಳಿಸಿಕೊಂಡು, ಬೇಕಾದಾಗ ಬೇಕಾದಷ್ಟನ್ನೇ ನಾಕಾ ದಾಟಿಸಿದರೆ ಸುಂಕದ ಹಣ ಮೊದಲೇ ಕಟ್ಟಿ ಕೂರಬೇಕಾಗಿರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು, ಗೋದಾಮುಗಳು ಮಾತ್ರ ಅಲ್ಲೇ ಉಳಿದವು. ಜಾಗ ಅಗ್ಗ, ಹೆದ್ದಾರಿ ಪಕ್ಕದಲ್ಲೇ, ಹಗಲು ಹೊತ್ತು ಊರೊಳಗೆ ಭಾರಿ ಲಾರಿಗಳಿಗಿರುವ ನಿರ್ಬಂಧದ ತಲೆನೋವೂ ಇಲ್ಲ.

ಈ ಗೋದಾಮಿನಲ್ಲಿ ಎಷ್ಟು ಪುಡಿ ಇರಬೇಕು? ದಿನಕ್ಕೆ ಸರಾಸರಿ 100 ಕಿಲೋ ಖರ್ಚು, ಆರ್ಡರ್ ಕೊಟ್ಟ 4 ದಿನಕ್ಕೆ ಸರಕು ಕೈಸೇರುತ್ತದೆ ಎಂದರೆ, 400 ಕಿಲೋ ಉಳಿದಾಗ ಆರ್ಡರ್ ಹಾಕಿದರೆ ಸಾಕು ಎನ್ನಿಸುತ್ತದೆ. ಹಾಗೆ ಮಾಡಿದವರಿಗೆ ಹೆಚ್ಚುಕಡಿಮೆ ಎರಡು ಸಲಕ್ಕೆ ಒಂದು ಸಲ ಪುಡಿ ಮುಗಿದಿರುತ್ತದೆ. 400 ಎನ್ನುವುದು ಬರೀ ಸರಾಸರಿ. ಆ ನಾಲ್ಕು ದಿನದಲ್ಲಿ ಖರ್ಚು ಅದಕ್ಕಿಂತ ಜಾಸ್ತಿಯಾಗುವ ಸಂಭವವೂ ಅರ್ಧದಷ್ಟಿದೆ. ಅದಕ್ಕೇ ಮೇಲೊಂದಿಷ್ಟು ಆಪದ್ಧನದಂತೆ ಇಟ್ಟುಕೊಳ್ಳುವುದು. ವ್ಯಾಪಾರದ ಭಾಷೆಯಲ್ಲಿ ಸೇಫ್ಟಿ ಸ್ಟಾಕ್.

ದಿನದ ಖರ್ಚು ಸರಾಸರಿಯ ಆಚೀಚೆ 30 ಕಿಲೋದಷ್ಟು ಹೊಯ್ದಾಡುತ್ತದೆ ಎನ್ನಿ (ಸಂಖ್ಯಾಶಾಸ್ತ್ರದವರು ಇದಕ್ಕೆ ಮಾನಕ ವಿಚಲನೆ ಎನ್ನುತ್ತಾರೆ). ನಾಲ್ಕು ದಿನದ ಹೊಯ್ದಾಟ 120 ಕಿಲೋ ಆಗುವುದಿಲ್ಲ, 60 ಆಗುತ್ತದೆ. ಒಂದು ದಿನದ ಹೆಚ್ಚಳವನ್ನು ಇನ್ನೊಂದು ದಿನದ ಇಳಿತ ಸ್ವಲ್ಪ ಸರಿದೂಗಿಸುವುದರಿಂದ ದಿನಗಳ ಸಂಖ್ಯೆಯಿಂದಲ್ಲ, ಅದರ ವರ್ಗಮೂಲದಿಂದ ಗುಣಿಸಬೇಕು. ನೂರು ಆರ್ಡರುಗಳಲ್ಲಿ 90 ಸಲ ಪುಡಿ ಮುಗಿಯಬಾರದು ಎಂದರೆ 77 ಕಿಲೋ ಹೆಚ್ಚುವರಿ ಬೇಕು. 95 ಸಲಕ್ಕೆ 99 ಕಿಲೋ, 99 ಸಲಕ್ಕೆ 140 ಕಿಲೋ. ಸಾವಿರಕ್ಕೆ 999 ಸಲ ಎಂದು ಹಟ ಹಿಡಿದರೆ 185 ಕಿಲೋ. ಶುರುವಿನ ಭರವಸೆ ಅಗ್ಗಕ್ಕೆ ಸಿಗುತ್ತದೆ, ಕೊನೆಕೊನೆಗೆ ಒಂದು ಶೇಕಡಾದಷ್ಟೂ ಇಲ್ಲದ ಸುಧಾರಣೆಗೆ 45 ಕಿಲೋ ಹಾಕಬೇಕಾಗುತ್ತದೆ.

ಇಷ್ಟೂ ಹೊತ್ತು ಲಾರಿ ಸರಿಯಾಗಿ ನಾಲ್ಕನೆಯ ದಿನಕ್ಕೇ ಬರುತ್ತದೆ ಎಂದುಕೊಂಡಿದ್ದೆವು. ಪಾರ್ಟ್ ಲೋಡ್ ಕಳಿಸಿದವರಿಗೆ ಗೊತ್ತು, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಾಡಿ ತುಂಬುವವರೆಗೆ ನಮ್ಮ ಚೀಲ ಮೂಲೆಯಲ್ಲಿ ಕೂತಿರುತ್ತದೆ. ಬರುವ ದಿನ ಆಚೀಚೆ ಒಂದು ದಿನ ಹೊಯ್ದಾಡುತ್ತದೆ ಎಂದು ಲೆಕ್ಕಕ್ಕೆ ಸೇರಿಸಿ. 95 ಸಲದ ಭರವಸೆಗೆ ಬೇಕಾಗಿದ್ದ 99 ಕಿಲೋ ಈಗ ಸುಮಾರು 192 ಕಿಲೋ ಆಗುತ್ತದೆ. ಒಂದು ದಿನ ಲಾರಿ ತಡವಾದರೆ ಇಡೀ ದಿನದ 100 ಕಿಲೋ ಒಮ್ಮೆಗೇ ಬೇಕಾಗುವುದರಿಂದ ಹೋಟೆಲಿನವರ 30 ಕಿಲೋ ಏರಿಳಿತ ಅದರ ಮುಂದೆ ಏನೂ ಅಲ್ಲ.

ಹಾಗಾದರೆ ಬೇಗ ಬರುವ ಲಾರಿ ಹುಡುಕೋಣ ಎನ್ನುತ್ತಾರೆ ಹಲವರು. ಅಂಥದ್ದು ಸಿಕ್ಕಿತು, ಸರಾಸರಿ ಮೂರೇ ದಿನ, ಆದರೆ ಒಂದು ದಿನದ ಹೊಯ್ದಾಟ ಹಾಗೇ ಇದೆ ಎನ್ನಿ. ಸೇಫ್ಟಿ ಸ್ಟಾಕ್ 192ರಿಂದ 185ಕ್ಕೆ ಇಳಿಯುತ್ತದೆ, ಉಳಿದದ್ದು ಏಳೇ ಕಿಲೋ. ನಾಲ್ಕೇ ದಿನ ತಗೊಳ್ಳಲಿ, ಆದರೆ ತಪ್ಪದೆ ನಾಲ್ಕನೆಯ ದಿನಕ್ಕೇ ಬರಲಿ ಎಂದರೆ 93 ಕಿಲೋ ಉಳಿಯುತ್ತದೆ. ‘ಎಕ್ಸ್‌ಪ್ರೆಸ್’ ಹೆಸರಿಗೆ ಹೆಚ್ಚು ಬಾಡಿಗೆ ಕೊಡುವವರು ಒಮ್ಮೆ ಸರಕು ಹೊರಟಾಗ ಟ್ರಾನ್ಸ್‌ಪೋರ್ಟಿನವರು ಕೊಡುವ ಬಿಲ್ಟಿಯ ತಾರೀಕನ್ನೂ ಗೋದಾಮಿನ ರಿಜಿಸ್ಟರಿನ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ವೇಗದ ಮೇಲೆ ಖರ್ಚು ಮಾಡುವವರೇ ಜಾಸ್ತಿ. ಹೊಯ್ದಾಟ ಅಳೆದು ನೋಡಿದವರು ವಿರಳ.

ರಿಜಿಸ್ಟರಿನ ಮಾತು ಬಂತು ಅಂತ ಹೇಳುತ್ತೇನೆ, ಅದಕ್ಕೂ ಒಂದು ಕುರುಡಿದೆ. ಪುಡಿ ಮುಗಿದ ದಿನ ಪುಸ್ತಕದಲ್ಲಿ ಮಾರಾಟ ಸೊನ್ನೆ ಎಂದಿರುತ್ತದೆ. ಬೇಡಿಕೆ ಸೊನ್ನೆಯಾಗಿರಲಿಲ್ಲ, ಮೂರು ಹೋಟೆಲಿನವರು ಕೇಳಿ ಬೇರೆ ಕಡೆ ಹೋಗಿರುತ್ತಾರೆ. ಆ ಸೊನ್ನೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಬೇಡಿಕೆ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತದೆ, ಮುಂದಿನ ಆರ್ಡರೂ ಕಮ್ಮಿಯಾಗುತ್ತದೆ, ಮತ್ತೆ ಬೇಗ ಮುಗಿಯುತ್ತದೆ. ‘ಕೇಳಿದರು, ಕೊಡಲಾಗಲಿಲ್ಲ’ ಎಂಬ ಒಂದು ಕಾಲಂ ಇದ್ದರೆ ಈ ಸುಳಿ ಕಣ್ಣಿಗೆ ಬೀಳುತ್ತದೆ.

ಇನ್ನು ಬಾಡಿಗೆ. ಒಂಬತ್ತು ಟನ್ನಿನ ಪೂರ್ತಿ ಲಾರಿ ತರಿಸಿದರೆ ಕಿಲೋಗೆ ಮೂರು ನಾಲ್ಕು ರೂಪಾಯಿ ಉಳಿಯುತ್ತದೆ ಎಂದೇ ಇರಲಿ. ಪುಡಿಗೆ ಕಿಲೋಗೆ 600 ರೂಪಾಯಿ, ಬಡ್ಡಿ, ಜಾಗ, ಹಾಳಾಗುವುದು ಎಲ್ಲ ಸೇರಿ ಇಟ್ಟುಕೊಳ್ಳುವ ಖರ್ಚು ವರ್ಷಕ್ಕೆ ಬೆಲೆಯ ಶೇ. 20, ಅಂದರೆ ಕಿಲೋಗೆ 120 ರೂಪಾಯಿ. ವಾರವಾರ 700 ಕಿಲೋ ತರಿಸುವಾಗ ಗೋದಾಮಿನಲ್ಲಿ ಸರಾಸರಿ 350 ಕಿಲೋ ಇರುತ್ತದೆ, ಖರ್ಚು ವರ್ಷಕ್ಕೆ 42 ಸಾವಿರ. ಒಂಬತ್ತು ಟನ್ ಬಂದರೆ ಸರಾಸರಿ 4,500 ಕಿಲೋ, 5 ಲಕ್ಷ 40 ಸಾವಿರ. ಇವೆರಡರ ವ್ಯತ್ಯಾಸವನ್ನು ವರ್ಷದ 36,500 ಕಿಲೋಗೆ ಹಂಚಿದರೆ ಕಿಲೋಗೆ ಹದಿಮೂರೂವರೆ ರೂಪಾಯಿ ದಾಟುತ್ತದೆ. ಬಾಡಿಗೆಯಲ್ಲಿ ಉಳಿಸಿದ ನಾಲ್ಕು ರೂಪಾಯಿ ಗೋದಾಮಿನಲ್ಲಿ ಕರಗಿತು, ತೊಂಬತ್ತು ದಿನ ಕೂತ ಪುಡಿಯ ಘಮವೂ ಹೋಯಿತು.

ಆದರೂ ದೊಡ್ಡ ಲೋಡಿನವರ ಪರವಾಗಿ ಒಂದು ಮಾತಿದೆ. ಪುಡಿ ಮುಗಿಯುವ ಭಯ ಇರುವುದು ಆರ್ಡರ್ ಕೊಟ್ಟು ಕಾಯುವ ದಿನಗಳಲ್ಲಿ ಮಾತ್ರ. ವರ್ಷಕ್ಕೆ 52 ಸಲ ತರಿಸುವವರಿಗೆ 95ರ ಭರವಸೆ ಎಂದರೆ ಎರಡು ಮೂರು ಸಲ ಕೈಕೊಡುತ್ತದೆ ಎಂದರ್ಥ. ನಾಲ್ಕೇ ಸಲ ತರಿಸುವವರಿಗೆ ಅದೇ 95, ಐದು ವರ್ಷಕ್ಕೊಮ್ಮೆ. ಪದೇಪದೇ ತರಿಸುವವರು ಹೆಚ್ಚಿನ ಶೇಕಡಾವಾರು ಇಟ್ಟುಕೊಳ್ಳಬೇಕು ಎಂಬುದು ಹಲವರ ಗಮನಕ್ಕೆ ಬರುವುದೇ ಇಲ್ಲ.

ಈ ಲೆಕ್ಕಕ್ಕೆ ನಿಲುಕದ್ದು ಮಳೆಗಾಲ. 2019ರ ಆಗಸ್ಟಿನಲ್ಲೂ 2021ರ ಜುಲೈನಲ್ಲೂ ಪಂಚಗಂಗೆಯ ನೀರು ಕೊಲ್ಹಾಪುರದ ಬಳಿ ಪುಣೆ-ಬೆಂಗಳೂರು ಹೆದ್ದಾರಿಗೆ ನುಗ್ಗಿ, ದಿನಗಟ್ಟಲೆ ಲಾರಿಗಳು ಗಡಿಯ ಆಚೀಚೆ ಸಾಲುಗಟ್ಟಿದವು. ಅದು ‘ಆಚೀಚೆ ಒಂದು ದಿನ’ದ ಹೊಯ್ದಾಟವಲ್ಲ, ಅದಕ್ಕೆ ಸೂತ್ರ ಹಾಕಿ ಸ್ಟಾಕ್ ಹೆಚ್ಚಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಅಂಥ ದಿನಗಳಿಗೆ ಬೇರೆಯದೇ ಉಪಾಯ ಮೇಲು: ಸ್ಟಾಕನ್ನು ಪುಡಿಯಾಗಿ ಇಡುವ ಬದಲು ಬೀಜವಾಗಿ ಇಡುವುದು, ಹುರಿದು ಪುಡಿ ಮಾಡುವುದನ್ನು ಮುಂಬಯಿಯಲ್ಲೇ ಮಾಡುವುದು. ಹಸಿ ಬೀಜ ತಿಂಗಳುಗಟ್ಟಲೆ ತಾಳುತ್ತದೆ. ಚಿಕೋರಿ ಪ್ರಮಾಣ ಬೇರೆಬೇರೆ ಇರುವ ಮೂರು ಬಗೆಯ ಪುಡಿಗೆ ಮೂರು ಸೇಫ್ಟಿ ಸ್ಟಾಕ್ ಬೇಕಿಲ್ಲ. ಒಂದರ ಬೇಡಿಕೆ ಏರಿದಾಗ ಇನ್ನೊಂದರದು ಇಳಿದಿರಬಹುದಾದ್ದರಿಂದ, ಮೂರೂ ಒಂದೇ ಪ್ರಮಾಣದಲ್ಲಿ ಹೊಯ್ದಾಡಿದರೆ ಒಂದೇ ರಾಶಿ ಬೀಜಕ್ಕೆ ಮೂರು ಪಾಲಿನ ಜಾಗದಲ್ಲಿ ಒಂದೂಮುಕ್ಕಾಲು ಪಾಲು ಸಾಕು. ಹುರಿದಾಗ ತೂಕ ಶೇ. 15ರಿಂದ 20 ಇಳಿಯುವುದರಿಂದ ಆ ತೂಕಕ್ಕೂ ಲಾರಿ ಬಾಡಿಗೆ ತೆರಬೇಕು ಎನ್ನುವುದು ನಿಜ. ಭಿವಂಡಿಯ ಮಳೆಗಾಲದ ತೇವವೂ ಬೀಜಕ್ಕೆ ಆಗದು. ನಮ್ಮ ಕರಾವಳಿಯಲ್ಲಿ ಬೇಕೆಂದೇ ಮಳೆಗಾಳಿಗೆ ಒಡ್ಡಿ ‘ಮಾನ್ಸೂನ್ಡ್ ಮಲಬಾರ್’ ಮಾಡುತ್ತಾರೆ. ಗೋದಾಮಿನಲ್ಲಿ ತಾನಾಗಿ ತೇವ ಹಿಡಿದರೆ ಅದಕ್ಕೆ ಬೂಷ್ಟು ಎನ್ನುತ್ತಾರೆ. ಮರದ ಅಡ್ಡೆಯ ಮೇಲೆ, ಗೋಡೆಯಿಂದ ದೂರ ಚೀಲ ಜೋಡಿಸುವ ಜಾಗಕ್ಕೆ ಬಾಡಿಗೆ ಸ್ವಲ್ಪ ಹೆಚ್ಚೇ ಬೀಳುತ್ತದೆ, ಅದನ್ನೂ ಆ 120 ರೂಪಾಯಿಗೆ ಸೇರಿಸಿಯೇ ಹೋಲಿಸಬೇಕು.